ಅರ್ಧ ಕಿಲೋ ಸಂಡಿಗೆಗೆ ಎರಡು ಕಿಲೋ ಬಾಡಿಗೆ

ಬೇಸಿಗೆಯಲ್ಲಿ ಸಂಡಿಗೆ ಹಪ್ಪಳ ಒಣಗಿಸಿ ಡಬ್ಬಿ ತುಂಬಿಸುವ ಮನೆಗಳು ಮಲೆನಾಡಿನಲ್ಲಿ ಮೊದಲಿನಿಂದಲೂ ಇವೆ. ಈಗ ಅವುಗಳಲ್ಲಿ ಕೆಲವು ಮನೆಗಳು ಫೋನಿನಲ್ಲೇ ಅಂಗಡಿ ತೆರೆದಿವೆ. ಫೋಟೋ ಚೆನ್ನಾಗಿರುತ್ತದೆ, ಬೆಲೆ ನ್ಯಾಯವಾಗಿರುತ್ತದೆ. ತೂಕದ ಜಾಗದಲ್ಲಿ ‘500 ಗ್ರಾಂ’ ಎಂದಿರುತ್ತದೆ, ಅದರ ಕೆಳಗೆ ‘ಕೊರಿಯರ್ ಚಾರ್ಜ್ ಬೇರೆ’ ಎಂಬ ಒಂದು ಸಾಲು. ಬೆಂಗಳೂರಿನ ಗ್ರಾಹಕರು ಅರ್ಧ ಕಿಲೋ ಅರಳು ಸಂಡಿಗೆ ಕೇಳುತ್ತಾರೆ. ಸಾಗಣೆಗೆ 170 ರೂಪಾಯಿ ಎಂಬ ಉತ್ತರ ಹೋಗುತ್ತದೆ. ‘ಅಕ್ಕಾ, ಕಳೆದ ತಿಂಗಳು ಅರ್ಧ ಕಿಲೋ ಹಪ್ಪಳಕ್ಕೆ 90 ತಗೊಂಡಿದ್ರಿ, ಇದೂ ಅರ್ಧ ಕಿಲೋನೇ ಅಲ್ವಾ?’ ಎಂಬ ಮರುಪ್ರಶ್ನೆ ಬರುತ್ತದೆ. ಅಕ್ಕ ಕೊರಿಯರ್‌ನವರ ಮೇಲೆ ಹಾಕುತ್ತಾರೆ. ಗ್ರಾಹಕರು ಅಕ್ಕನೇ ನಡುವೆ ಎಂಬತ್ತು ರೂಪಾಯಿ ಇಟ್ಟುಕೊಂಡರು ಎಂದುಕೊಳ್ಳುತ್ತಾರೆ.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಆದರೆ ‘500 ಗ್ರಾಂ’ ಎಂಬ ಒಂದೇ ಸಂಖ್ಯೆ ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರವಾಗಿ ಕೂತಿದೆ. ತಿನ್ನುವ ವಸ್ತು ಎಷ್ಟು? ಪ್ಯಾಕ್ ಆದ ಮೇಲೆ ತಕ್ಕಡಿಯಲ್ಲಿ ಎಷ್ಟು? ಕೊರಿಯರ್‌ನವರು ಎಷ್ಟಕ್ಕೆ ಬಿಲ್ ಮಾಡುತ್ತಾರೆ? ಈ ಸಂಡಿಗೆಯ ಮಟ್ಟಿಗೆ ಉತ್ತರ ಕ್ರಮವಾಗಿ 500 ಗ್ರಾಂ, 850 ಗ್ರಾಂ ಮತ್ತು 2 ಕಿಲೋ.

ಮೂರನೆಯದು ಎಲ್ಲಿಂದ ಬಂತು ಎನ್ನುವುದೇ ಜನರಿಗೆ ತಿಳಿಯದ ಭಾಗ, ಅದನ್ನು ಮೊದಲು ನೋಡೋಣ. ಹುಲ್ಲು ಹೇರಿದ ಗಾಡಿಯನ್ನು ಕಂಡವರಿಗೆ ಕಾರಣ ಹೊಸದಲ್ಲ: ಎತ್ತುಗಳಿಗೆ ಭಾರವಾಗುವ ಮೊದಲೇ ಗಾಡಿಯಲ್ಲಿ ಜಾಗ ಮುಗಿಯುತ್ತದೆ. ಕೊರಿಯರ್ ವ್ಯಾನು, ಲಾರಿ, ವಿಮಾನದ ಹೊಟ್ಟೆ, ಎಲ್ಲದರ ಕಥೆಯೂ ಅದೇ. ತೂಕಕ್ಕೆ ಮಾತ್ರ ದುಡ್ಡು ತೆಗೆದುಕೊಂಡರೆ ಹಗುರವಾದ ದೊಡ್ಡ ಪೆಟ್ಟಿಗೆಗಳು ಜಾಗವನ್ನೆಲ್ಲ ತಿಂದು ಅಗ್ಗದಲ್ಲಿ ಊರು ಸೇರುತ್ತವೆ. ಹಾಗಾಗಿ ಸಾಗಣೆಯವರು ಪೆಟ್ಟಿಗೆಯ ಗಾತ್ರವನ್ನೂ ತೂಕವಾಗಿ ಬದಲಾಯಿಸಿಕೊಳ್ಳುತ್ತಾರೆ. ನಿಜವಾದ ತೂಕ ಮತ್ತು ಗಾತ್ರದಿಂದ ಬಂದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್. ಕೊರಿಯರ್ ಕೌಂಟರಿನಲ್ಲಿ ಇದಕ್ಕೆ ‘ವಾಲ್ಯೂಮೆಟ್ರಿಕ್ ವೇಟ್’ ಎನ್ನುತ್ತಾರೆ. ಈ ಲೇಖನದಲ್ಲಿ ‘ಗಾತ್ರದ ತೂಕ’ ಎಂದೇ ಕರೆಯುತ್ತೇನೆ.

ಇದು ವಿಮಾನ ಸಾಗಣೆಯಲ್ಲಿ ಹಳೆಯ ರೂಢಿ. ಅಲ್ಲಿ ಅಂತರರಾಷ್ಟ್ರೀಯ ವಾಡಿಕೆಯ ಲೆಕ್ಕ 6000 ಘನ ಸೆಂಟಿಮೀಟರಿಗೆ ಒಂದು ಕಿಲೋ. ರಸ್ತೆ ಸಾಗಣೆಗೆ ಇದು ಪೂರ್ತಿಯಾಗಿ ಹಬ್ಬಿದ್ದು ಈಚೆಗೆ. ಅಮೆರಿಕದಲ್ಲಿ ಫೆಡ್‌ಎಕ್ಸ್ ಮತ್ತು ಯುಪಿಎಸ್ ಮೊದಲು ನೆಲದ ಮೇಲೆ ಸಾಗುವ ಪಾರ್ಸೆಲ್‌ಗಳಲ್ಲಿ ಮೂರು ಘನ ಅಡಿಗಿಂತ ದೊಡ್ಡವಕ್ಕೆ ಮಾತ್ರ ಈ ಲೆಕ್ಕ ಹಾಕುತ್ತಿದ್ದವು. 2015ರ ಆರಂಭದ ಹೊತ್ತಿಗೆ ಆ ರಿಯಾಯಿತಿ ತೆಗೆದು ಎಲ್ಲಕ್ಕೂ ಅನ್ವಯಿಸಿದವು. ಆನ್‌ಲೈನ್ ವ್ಯಾಪಾರ ಬೆಳೆದು, ಪೆಟ್ಟಿಗೆಗಳೊಳಗೆ ಬಹಳಷ್ಟು ಗಾಳಿಯೇ ಓಡಾಡತೊಡಗಿದ ಕಾಲ ಅದು.

ನಮ್ಮಲ್ಲಿ ಕೊರಿಯರ್‌ಗಳು ಸಾಮಾನ್ಯವಾಗಿ ಬಳಸುವ ಭಾಜಕ 5000. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 5000ದಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ಗಾತ್ರದ ತೂಕ ಸಿಗುತ್ತದೆ. ಇದನ್ನು ಬಾಯಿಲೆಕ್ಕದಲ್ಲೂ ಮಾಡಬಹುದು. 5000 ಘನ ಸೆಂಟಿಮೀಟರ್ ಎಂದರೆ ಐದು ಲೀಟರ್ ಜಾಗ. ಐದು ಲೀಟರಿಗೆ ಒಂದು ಕಿಲೋ ಎಂದರೆ ಒಂದು ಲೀಟರಿಗೆ 200 ಗ್ರಾಂ. ಪ್ಯಾಕ್ ಆದ ಪೆಟ್ಟಿಗೆ ಲೀಟರಿಗೆ 200 ಗ್ರಾಮಿಗಿಂತ ಭಾರವಿದ್ದರೆ ತಕ್ಕಡಿ ಹೇಳಿದ್ದೇ ಬಿಲ್. ಅದಕ್ಕಿಂತ ಹಗುರವಿದ್ದರೆ ಟೇಪು ಹೇಳಿದ್ದು ಬಿಲ್. ಬೆಲ್ಲ, ಉಪ್ಪಿನಕಾಯಿ, ಚಟ್ನಿಪುಡಿ, ಪುಸ್ತಕ ಇವು ಪೆಟ್ಟಿಗೆಗೆ ತಕ್ಕಂತೆ ತುಂಬಿದರೆ ತಕ್ಕಡಿಯ ಕಡೆಗೆ ಬೀಳುತ್ತವೆ. ಸಂಡಿಗೆ, ಬಿದಿರಿನ ಬುಟ್ಟಿ, ಲಾವಂಚದ ಬೀಸಣಿಗೆ, ಮೆತ್ತನೆಯ ಗೊಂಬೆ ಟೇಪಿನ ಕಡೆಗೆ.

ಈಗ ಒಂದು ಮನೆಯ ಲೆಕ್ಕ ಹಿಡಿಯೋಣ. ಸಾಗರದ ಕಡೆಯ ಒಂದು ಕಲ್ಪಿತ ಮನೆ, ಮಾರುವುದು ಅರಳು ಸಂಡಿಗೆ, ಹಲಸಿನ ಹಪ್ಪಳ, ಚಟ್ನಿಪುಡಿ, ಮಾವಿನಮಿಡಿ ಉಪ್ಪಿನಕಾಯಿ. ಕೊರಿಯರ್ ದರವೂ ಲೆಕ್ಕ ಸುಲಭವಾಗಲೆಂದು ಇಟ್ಟುಕೊಂಡದ್ದು: ಮೊದಲ ಅರ್ಧ ಕಿಲೋಗೆ 50 ರೂಪಾಯಿ, ಆಮೇಲೆ ಪ್ರತಿ ಅರ್ಧ ಕಿಲೋಗೆ 40. ನಿಜವಾದ ದರ ಪಿನ್‌ಕೋಡಿನ ದೂರದ ಮೇಲೆ ಬದಲಾಗುತ್ತದೆ. ಕೊರಿಯರ್ ಸೇವೆಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿಯೂ ಸೇರುತ್ತದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ. ಆದರೆ ಅರ್ಧ ಅರ್ಧ ಕಿಲೋದ ಮೆಟ್ಟಿಲಿನಂತೆ ದರ ಏರುವ ಪದ್ಧತಿ ಬಹುಪಾಲು ಕಡೆ ಹೀಗೆಯೇ. ಒಂದು ಕಿಲೋ ಹತ್ತು ಗ್ರಾಂ ಆದರೂ ಒಂದೂವರೆ ಕಿಲೋದ ದುಡ್ಡು.

ಮೊದಲು ಸಂಡಿಗೆ. ಅರ್ಧ ಕಿಲೋ ಅರಳು ಸಂಡಿಗೆ ಸುಮಾರು ಆರು ಲೀಟರ್ ಜಾಗ ಕೇಳುತ್ತದೆ ಎಂದಿಟ್ಟುಕೊಳ್ಳಿ. ಕವರಿನಲ್ಲಿ ತುಂಬಿಸಿ ಹೊರಗಿನಿಂದ ಒತ್ತುವ ಹಾಗಿಲ್ಲ, ಒತ್ತಿದರೆ ಊರು ಮುಟ್ಟುವ ಹೊತ್ತಿಗೆ ಅರಳಿನ ಪುಡಿ. ಬಟ್ಟೆ, ಹೊದಿಕೆಗಳ ಗಾತ್ರ ಇಳಿಸುವ ವ್ಯಾಕ್ಯೂಮ್ ಪ್ಯಾಕಿಂಗ್ ಇಲ್ಲಿ ನಡೆಯದು. ಆದ್ದರಿಂದ ಗಟ್ಟಿ ರಟ್ಟಿನ ಪೆಟ್ಟಿಗೆ ಬೇಕು. ತಳದಲ್ಲಿ ಎರಡೂವರೆ ಸೆಂಟಿಮೀಟರ್ ಮೆತ್ತೆ, ಮೇಲೆ ಒಂದಿಷ್ಟು ಮುದುಡಿದ ಕಾಗದ. ಪೆಟ್ಟಿಗೆಯ ಹೊರ ಅಳತೆ 28×22×16 ಸೆಂಟಿಮೀಟರ್. ಗುಣಿಸಿದರೆ 9856, 5000ದಿಂದ ಭಾಗಿಸಿದರೆ 1.97 ಕಿಲೋ. ಮೆಟ್ಟಿಲು 2 ಕಿಲೋ, ದರ 170 ರೂಪಾಯಿ. ತಕ್ಕಡಿಯಲ್ಲಿ ಇಟ್ಟರೆ ಸಂಡಿಗೆ, ಕವರು, ರಟ್ಟು, ಕಾಗದ, ಟೇಪು ಎಲ್ಲ ಸೇರಿ 850 ಗ್ರಾಂ. ಬರೀ ತೂಕಕ್ಕೆ ಬಿಲ್ ಆಗಿದ್ದರೆ 1 ಕಿಲೋದ ಮೆಟ್ಟಿಲು, 90 ರೂಪಾಯಿ. ಆ 80 ರೂಪಾಯಿ ವ್ಯತ್ಯಾಸ ಅಕ್ಕನ ಜೇಬಿಗೆ ಹೋಗಿದ್ದಲ್ಲ, ಸಂಡಿಗೆ ಒಡೆಯದಂತೆ ಉಳಿಸಿದ ಜಾಗಕ್ಕೆ ಹೋದದ್ದು.

1.97 ಎಂಬ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ಅದು ಮೆಟ್ಟಿಲಿನ ಅಂಚಿನಲ್ಲಿ ನಿಂತಿದೆ. ಪೆಟ್ಟಿಗೆಯನ್ನು ಸ್ವಲ್ಪ ಹೆಚ್ಚು ತುಂಬಿಸಿ ಮುಚ್ಚಳ ನಡುವಿನಲ್ಲಿ ಒಂದು ಸೆಂಟಿಮೀಟರ್ ಉಬ್ಬಿತೆಂದರೆ ಎತ್ತರ 17 ಆಗುತ್ತದೆ, ಗಾತ್ರದ ತೂಕ 2.09, ಬಿಲ್ಲು ಎರಡೂವರೆ ಕಿಲೋಗೆ, ಅಂದರೆ 210 ರೂಪಾಯಿ. ಕೊರಿಯರ್‌ನವರು ಅಳೆಯುವುದು ಪೆಟ್ಟಿಗೆ ಅತಿ ಹೆಚ್ಚು ಚಾಚಿಕೊಂಡ ಜಾಗದಲ್ಲಿ. ದೊಡ್ಡ ಹಬ್‌ಗಳಲ್ಲಿ ಈ ಕೆಲಸವನ್ನು ಕ್ಯಾಮೆರಾ, ಲೇಸರ್ ಇರುವ ಯಂತ್ರ ಮಾಡುತ್ತದೆ. ಉಬ್ಬನ್ನು ಅದು ಕಣ್ಣುಮುಚ್ಚಿ ಬಿಡುವುದಿಲ್ಲ. ಮೂಲೆಯಲ್ಲಿ ಟೇಪು ಹಿಡಿದು ಅಳೆದ ಮಾರಾಟಗಾರರ ಲೆಕ್ಕ ಯಂತ್ರದ ಲೆಕ್ಕಕ್ಕೆ ತಾಳೆಯಾಗದಿರುವುದು ಹೆಚ್ಚಾಗಿ ಇಲ್ಲಿಯೇ.

ರಟ್ಟಿನ ದಪ್ಪವೂ ಹೀಗೇ ಕೈಕೊಡುತ್ತದೆ. ಪೆಟ್ಟಿಗೆ ಮಾರುವ ಕೆಲವರು ಒಳ ಅಳತೆ ಹೇಳುತ್ತಾರೆ, ಕೊರಿಯರ್‌ಗೆ ಬೇಕಾದದ್ದು ಹೊರ ಅಳತೆ. ಐದು ಪದರದ ರಟ್ಟಾದರೆ ಎರಡೂ ಗೋಡೆ ಸೇರಿ ಒಂದು ಸೆಂಟಿಮೀಟರ್ ಸುಲಭವಾಗಿ ಕೂಡುತ್ತದೆ. ಆದ್ದರಿಂದ ಅಂಗಡಿಯವರು ಹೇಳಿದ ಸಂಖ್ಯೆಯನ್ನು ಮಾರಾಟದ ಪುಟದಲ್ಲಿ ಬರೆಯಬಾರದು. ತುಂಬಿ, ಟೇಪು ಸುತ್ತಿ, ಮೇಜಿನ ಮೇಲಿಟ್ಟು ಅಳೆದ ಸಂಖ್ಯೆ ಬರೆಯಬೇಕು.

ಕಿರಾಣಿ ಅಂಗಡಿಯಿಂದ ಬಿಟ್ಟಿ ಸಿಗುವ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯ ವಿಷಯ ಹೇಳದೆ ಮುಂದೆ ಹೋಗುವುದು ಸರಿಯಲ್ಲ, ಯಾಕೆಂದರೆ ಅದರಲ್ಲಿ ತುಂಬಿ ಕಳಿಸುವವರು ಬಹಳ. ಅದು 40×30×30 ಇದೆ ಎನ್ನಿ. 36,000 ಘನ ಸೆಂಟಿಮೀಟರ್, ಗಾತ್ರದ ತೂಕ 7.2 ಕಿಲೋ, ಬಿಲ್ಲು ಏಳೂವರೆ ಕಿಲೋಗೆ 610 ರೂಪಾಯಿ. ಒಳಗಿರುವುದು ಅದೇ ಅರ್ಧ ಕಿಲೋ ಸಂಡಿಗೆ. ಬಿಟ್ಟಿ ಪೆಟ್ಟಿಗೆ ಬೇಕೇ ಬೇಕೆಂದರೆ ಮೂಲೆಗಳನ್ನು ಕೊಯ್ದು, ಎತ್ತರ ಮಡಿಸಿ, ಗಾತ್ರ ಇಳಿಸಿಕೊಳ್ಳಬೇಕು. ಚಾಕು ಮತ್ತು ಅಗಲ ಟೇಪು ಇದ್ದವರಿಗೆ ಹತ್ತು ನಿಮಿಷದ ಕೆಲಸ.

ಹಪ್ಪಳದ ಕಥೆ ಬೇರೆ. ಒತ್ತಾಗಿ ಜೋಡಿಸಿದ ಅರ್ಧ ಕಿಲೋ ಹಲಸಿನ ಹಪ್ಪಳ 18×18×11ರ ಪೆಟ್ಟಿಗೆಯಲ್ಲಿ ಕೂರುತ್ತದೆ ಎನ್ನೋಣ. ಗಾತ್ರದ ತೂಕ 0.71 ಕಿಲೋ, ತಕ್ಕಡಿ ತೂಕವೂ ಹೆಚ್ಚುಕಡಿಮೆ 700 ಗ್ರಾಂ. ಮೆಟ್ಟಿಲು 1 ಕಿಲೋ, 90 ರೂಪಾಯಿ. ಎರಡು ಪ್ಯಾಕು ತರಿಸಿದರೆ ಪೆಟ್ಟಿಗೆ 18×18×20. ಗಾತ್ರದ ತೂಕ 1.3, ತಕ್ಕಡಿ 1.2, ಮೆಟ್ಟಿಲು ಒಂದೂವರೆ, ದರ 130. ಅಂದರೆ ಎರಡನೆಯ ಪ್ಯಾಕಿನ ಸಾಗಣೆ ಬರೀ 40 ರೂಪಾಯಿ. ಸಂಡಿಗೆಯಲ್ಲಿ ಈ ಲಾಭ ಇಲ್ಲ. ಎರಡು ಪ್ಯಾಕಿಗೆ 34×28×20 ಬೇಕು, ಗಾತ್ರದ ತೂಕ 3.81, ಮೆಟ್ಟಿಲು 4 ಕಿಲೋ, 330 ರೂಪಾಯಿ. ಬೇರೆ ಬೇರೆಯಾಗಿ ತರಿಸಿದರೆ 340. ಉಳಿತಾಯ ಹತ್ತು ರೂಪಾಯಿ.

‘ಹೆಚ್ಚು ತಗೊಂಡರೆ ಕೊರಿಯರ್ ಕಡಿಮೆ’ ಎಂದು ಎಲ್ಲ ಪದಾರ್ಥಕ್ಕೂ ಒಂದೇ ಮಾತು ಬರೆಯುವವರು ಇದನ್ನು ಗಮನಿಸಬೇಕು. ಹಪ್ಪಳಕ್ಕೆ ಅದು ನಿಜ, ಸಂಡಿಗೆಗೆ ಸುಳ್ಳು. ಒಂದು, ಎರಡು, ನಾಲ್ಕು ಪ್ಯಾಕಿನ ಸಾಗಣೆ ದರವನ್ನು ಪ್ರತಿ ಪದಾರ್ಥದ ಪುಟದಲ್ಲೂ ಬೇರೆಬೇರೆಯಾಗಿ ಹಾಕುವುದೇ ಸರಿ. ಅದಕ್ಕೆ ಬೇಕಾದದ್ದು ಒಮ್ಮೆ ಪ್ಯಾಕ್ ಮಾಡಿ ಅಳೆಯುವ ತಾಳ್ಮೆ.

ಸಂಡಿಗೆಯ ಪೆಟ್ಟಿಗೆಯಲ್ಲಿ ಇನ್ನೊಂದು ಗುಟ್ಟಿದೆ. ಅದನ್ನು ತಿಳಿದ ಮಾರಾಟಗಾರರು ಕಡಿಮೆ, ಹೇಳುವವರು ಇನ್ನೂ ಕಡಿಮೆ. ದುಡ್ಡು ಕೊಟ್ಟಿರುವುದು 2 ಕಿಲೋಗೆ, ತೂಗುವುದು 850 ಗ್ರಾಂ. ಉಳಿದ 1 ಕಿಲೋ 150 ಗ್ರಾಂ ಭಾರಕ್ಕೆ ಬಾಡಿಗೆ ಆಗಲೇ ಸಂದಾಯವಾಗಿದೆ. ಪೆಟ್ಟಿಗೆಯ ಹೊರ ಅಳತೆ ಬದಲಾಗದ ಹಾಗೆ ಭಾರದ ವಸ್ತು ಸೇರಿಸಿದರೆ ಅದು ಪುಕ್ಕಟೆ ಪ್ರಯಾಣ ಮಾಡುತ್ತದೆ. ಅರ್ಧ ಕಿಲೋ ಚಟ್ನಿಪುಡಿಯ ಕವರನ್ನು ಚಪ್ಪಟೆಯಾಗಿ ಹರಡಿದರೆ ಎರಡೂವರೆ ಸೆಂಟಿಮೀಟರ್ ದಪ್ಪ. ತಳದ ಮೆತ್ತೆಯನ್ನು ತೆಗೆದು ಆ ಜಾಗದಲ್ಲಿ ಇದನ್ನು ಹಾಸಿ, ಮೇಲೆ ಸಂಡಿಗೆ ಇಟ್ಟರೆ ಪೆಟ್ಟಿಗೆ ಮೊದಲಿನಷ್ಟೇ ಇರುತ್ತದೆ, ತಕ್ಕಡಿ ಸುಮಾರು 1 ಕಿಲೋ 370 ಗ್ರಾಂ ತೋರಿಸುತ್ತದೆ, ಬಿಲ್ಲು 170ರಲ್ಲೇ ನಿಲ್ಲುತ್ತದೆ. ಭಾರ ಕೆಳಗೇ ಇರಬೇಕು, ಅಷ್ಟೇ. ಕವರು ಅತ್ತಿತ್ತ ಜಾರದಂತೆ ಟೇಪಿನಿಂದ ತಳಕ್ಕೆ ಅಂಟಿಸುವುದೂ ಬೇಕು. ಚಟ್ನಿಪುಡಿ ಬೇರೆಯಾಗಿ ಹೋಗಿದ್ದರೆ ಅದಕ್ಕೆ ಕನಿಷ್ಠ 90 ರೂಪಾಯಿ ಸಾಗಣೆ ಆಗುತ್ತಿತ್ತು. ‘ಒಂದು ಪ್ಯಾಕ್ ಸಂಡಿಗೆಯ ಜೊತೆ ಅರ್ಧ ಕಿಲೋ ಚಟ್ನಿಪುಡಿ ತರಿಸಿದರೆ ಸಾಗಣೆ ಹೆಚ್ಚಾಗದು’ ಎಂದು ಸಂಡಿಗೆಯ ಪುಟದಲ್ಲಿ ಬರೆದರೆ, 170 ಕಂಡು ಹಿಂಜರಿದ ಗ್ರಾಹಕರಿಗೆ ಆ ದುಡ್ಡಿನಿಂದ ಇನ್ನೇನು ಸಿಗುತ್ತದೆ ಎಂಬುದು ಕಾಣುತ್ತದೆ.

ಉಪ್ಪಿನಕಾಯಿಯಲ್ಲಿ ಗ್ರಾಹಕರ ಆಯ್ಕೆಯೇ ದರ ತೀರ್ಮಾನಿಸುತ್ತದೆ. ಗಾಜಿನ ಬಾಟಲಿಯೇ ಬೇಕೆಂದರೆ ಬಾಟಲಿ ಒಂದರದ್ದೇ ಮುನ್ನೂರು ಗ್ರಾಂ, ಸುತ್ತಲೂ ಐದು ಸೆಂಟಿಮೀಟರ್ ಮೆತ್ತೆ ಇಲ್ಲದೆ ಗಾಜು ಉಳಿಯದು. 9 ಸೆಂಟಿಮೀಟರ್ ದಪ್ಪದ, 15 ಸೆಂಟಿಮೀಟರ್ ಎತ್ತರದ ಬಾಟಲಿಗೆ 19×19×25ರ ಪೆಟ್ಟಿಗೆ ಬೇಕಾಗುತ್ತದೆ. ಗಾತ್ರದ ತೂಕ 1.8, ದರ 170. ಅದೇ ಅರ್ಧ ಕಿಲೋ ಮಿಡಿಯನ್ನು ದಪ್ಪ ಪೌಚಿನಲ್ಲಿ ಹಾಕಿ ಸೀಲ್ ಮಾಡಿ, ಇನ್ನೊಂದು ಕವರಿನೊಳಗಿಟ್ಟು 20×15×8ರ ಪೆಟ್ಟಿಗೆಯಲ್ಲಿ ಕಳಿಸಿದರೆ ಗಾತ್ರದ ತೂಕ ಅರ್ಧ ಕಿಲೋಗೂ ಕಡಿಮೆ. ಇಲ್ಲಿ ತಕ್ಕಡಿಯೇ ಮುಂದೆ ಬರುತ್ತದೆ: ಸುಮಾರು 680 ಗ್ರಾಂ, 90 ರೂಪಾಯಿ. ಬಾಟಲಿ ನೋಡಲು ಚಂದ, ಉಡುಗೊರೆಗೂ ಆಗುತ್ತದೆ. ಮನೆಯ ಭರಣಿಗೆ ಸುರಿದುಕೊಳ್ಳುವವರಿಗೆ ಪೌಚು ಸಾಕು. ಎರಡನ್ನೂ ಪುಟದಲ್ಲಿ ಅಕ್ಕಪಕ್ಕ ಇಟ್ಟು ದರ ಹಾಕಿದರೆ ತೀರ್ಮಾನ ಅವರದ್ದೇ.

ಹಾಗಾದರೆ ಪುಟದಲ್ಲಿ ಏನು ಬರೆಯಬೇಕು? ಉದ್ದ ಬೇಕಾಗಿಲ್ಲ. ಸಂಡಿಗೆಗೆ ನಾನಾದರೆ ಹೀಗೆ ಬರೆಯುತ್ತೇನೆ:

‘ಅರಳು ಸಂಡಿಗೆ, ನಿವ್ವಳ ತೂಕ 500 ಗ್ರಾಂ. ಪ್ಯಾಕ್ ಆದ ಪಾರ್ಸೆಲ್‌ನ ತೂಕ ಸುಮಾರು 850 ಗ್ರಾಂ, ಪೆಟ್ಟಿಗೆಯ ಹೊರ ಅಳತೆ 28×22×16 ಸೆಂ.ಮೀ. ಸಂಡಿಗೆ ಹಗುರ, ಆದರೆ ಒತ್ತಿ ತುಂಬುವಂತಿಲ್ಲ. ಪೆಟ್ಟಿಗೆ ದೊಡ್ಡದಿರುವುದರಿಂದ ಕೊರಿಯರ್‌ನವರು ಗಾತ್ರ ನೋಡಿ 2 ಕಿಲೋ ಲೆಕ್ಕ ಹಾಕುತ್ತಾರೆ. ಬೆಂಗಳೂರಿಗೆ ಒಂದು ಪ್ಯಾಕಿಗೆ ಸಾಗಣೆ 170 ರೂ., ಎರಡಕ್ಕೆ 330 ರೂ. ಒಂದು ಪ್ಯಾಕಿನ ಪೆಟ್ಟಿಗೆಯಲ್ಲೇ ಅರ್ಧ ಕಿಲೋ ಚಟ್ನಿಪುಡಿ ಸೇರಿಸಿದರೂ ಸಾಗಣೆ 170 ರೂಪಾಯಿಯೇ.’

ಇದರಲ್ಲಿ ‘ನಿವ್ವಳ’ ಎಂಬುದು ಅಲಂಕಾರಕ್ಕೆ ಇರುವುದಲ್ಲ. 2011ರ ಕಾನೂನುಬದ್ಧ ಮಾಪನಶಾಸ್ತ್ರದ ಪೊಟ್ಟಣ ಸರಕು ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ಹಾಕುವ ಪ್ರಮಾಣದಲ್ಲಿ ಕವರು, ಡಬ್ಬಿಯ ತೂಕ ಸೇರಬಾರದು. 2018ರ ಜನವರಿ 1ರಿಂದ ಆನ್‌ಲೈನ್ ಮಾರಾಟದ ಪುಟಗಳಲ್ಲೂ ನಿವ್ವಳ ಪ್ರಮಾಣ ಕಾಣಬೇಕೆಂಬ ನಿಯಮವಿದೆ. ಕೆಲವರು ಒಳ್ಳೆಯ ಮನಸ್ಸಿನಿಂದಲೇ ‘ತೂಕ 850 ಗ್ರಾಂ’ ಎಂದು ಪಾರ್ಸೆಲ್‌ನ ತೂಕ ಹಾಕಿಬಿಡುತ್ತಾರೆ, ಕೊಂಡವರು ಮನೆಯಲ್ಲಿ ತೂಗಿ ಅರ್ಧ ಕಿಲೋ ಮಾತ್ರ ಇದೆ ಎಂದು ದೂರುತ್ತಾರೆ. ಎರಡೂ ತೂಕ ಇರಬೇಕು, ಎರಡಕ್ಕೂ ಹೆಸರು ಇರಬೇಕು. ಅಳತೆಗೂ ಇದೇ ಮಾತು. ಬುಟ್ಟಿ ಮಾರುವವರು 30×30×20 ಎಂದಷ್ಟೇ ಬರೆದರೆ ಅದು ಬುಟ್ಟಿಯದೋ ಪೆಟ್ಟಿಗೆಯದೋ ಯಾರಿಗೂ ತಿಳಿಯದು.

ಸಾಗಣೆ ದರವನ್ನು ಕೊನೆಯ ಪರದೆಯವರೆಗೆ ಬಚ್ಚಿಡುವುದಕ್ಕೂ ಕಾನೂನಿನ ಒಪ್ಪಿಗೆ ಇಲ್ಲ. 2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳು ಒಟ್ಟು ಬೆಲೆಯನ್ನು ಒಂದೇ ಮೊತ್ತವಾಗಿ ತೋರಿಸಿ, ಅದರಲ್ಲಿ ವಸ್ತುವಿಗೆಷ್ಟು, ಸಾಗಣೆಗೆಷ್ಟು, ತೆರಿಗೆಗೆಷ್ಟು ಎಂದು ಬಿಡಿಸಿ ಹೇಳಬೇಕು ಎನ್ನುತ್ತವೆ. ಮೊದಲು ಕಡಿಮೆ ಬೆಲೆ ತೋರಿಸಿ ಹಂತ ಹಂತವಾಗಿ ಶುಲ್ಕ ಸೇರಿಸುವುದನ್ನು 2023ರ ನವೆಂಬರಿನಲ್ಲಿ ಬಂದ ಕೇಂದ್ರ ಸರ್ಕಾರದ ಮಾರ್ಗಸೂಚಿ ಗ್ರಾಹಕರನ್ನು ದಾರಿ ತಪ್ಪಿಸುವ ರೀತಿಗಳ ಪಟ್ಟಿಗೆ ಸೇರಿಸಿದೆ.

‘ಫ್ರೀ ಡೆಲಿವರಿ’ಯ ಬಗ್ಗೆಯೂ ಕೊಳ್ಳುವವರು ಇದೇ ಕಣ್ಣಿನಿಂದ ನೋಡಬಹುದು. ಸಾಗಣೆ ಬೆಲೆಯೊಳಗೇ ಸೇರಿರುವಾಗ ಒಂದು ಪ್ಯಾಕ್ ಹಪ್ಪಳದಲ್ಲಿ 90 ಅಡಗಿರುತ್ತದೆ, ಎರಡು ಪ್ಯಾಕಿನಲ್ಲಿ 180. ನಿಜವಾದ ಸಾಗಣೆ 130. ಒಂದೇ ಪ್ಯಾಕು ಬೇಕಾದವರಿಗೆ ಅದರಿಂದ ತೊಂದರೆಯಿಲ್ಲ. ನಾಲ್ಕು ಪ್ಯಾಕು ತರಿಸುವವರು ಸಾಗಣೆ ಬೇರೆಯಾಗಿ ತೋರಿಸುವ ಮಾರಾಟಗಾರರನ್ನು ಹುಡುಕುವುದು ಲೇಸು, ಇಲ್ಲವೇ ಕೇಳಿ ರಿಯಾಯಿತಿ ಪಡೆಯಬೇಕು.

ಮಾರಾಟಗಾರರ ಕಡೆ ತಪ್ಪುವುದು ಹೆಚ್ಚಾಗಿ ಎರಡು ಜಾಗದಲ್ಲಿ. ಒಂದು, ಇಂಚು ಮತ್ತು ಸೆಂಟಿಮೀಟರಿನ ಗೊಂದಲ. ಮನೆಯಲ್ಲಿರುವ ಟೈಲರ್ ಟೇಪಿನಲ್ಲಿ ಇಂಚಿನ ಬದಿಯೇ ಮೊದಲು ಕಣ್ಣಿಗೆ ಬೀಳುತ್ತದೆ. ಸಂಡಿಗೆಯ ಪೆಟ್ಟಿಗೆಯನ್ನು 11×9×6 ಎಂದು ಅಳೆದು, ಆ್ಯಪಿನ ಸೆಂಟಿಮೀಟರ್ ಜಾಗದಲ್ಲಿ ಹಾಗೇ ತುಂಬಿದರೆ ಗಾತ್ರದ ತೂಕ 120 ಗ್ರಾಂ ಎಂದು ಬರುತ್ತದೆ. ಆಗ ಆ್ಯಪು ತಕ್ಕಡಿಯ 850 ಗ್ರಾಮನ್ನು ಹಿಡಿದು 90 ರೂಪಾಯಿ ತೋರಿಸುತ್ತದೆ. ಗ್ರಾಹಕರು 90 ಕೊಡುತ್ತಾರೆ. ಪಾರ್ಸೆಲ್ ಹಬ್ ಮುಟ್ಟಿದ ಮೇಲೆ ಯಂತ್ರ 2 ಕಿಲೋ ಎನ್ನುತ್ತದೆ, ಉಳಿದ 80 ರೂಪಾಯಿ ಕೆಲವು ದಿನಗಳ ನಂತರ ಮಾರಾಟಗಾರರ ಖಾತೆಯಿಂದ ಕಡಿತವಾಗುತ್ತದೆ. ಇದನ್ನು ‘ವೇಟ್ ಡಿಸ್ಕ್ರೆಪೆನ್ಸಿ’ ಎಂಬ ತಲೆಬರಹದಡಿ ಕಾಣಬಹುದು. ಹತ್ತಾರು ಪಾರ್ಸೆಲ್ ಹೋದ ಮೇಲೆ ನೋಡಿದರೆ ಸಂಡಿಗೆಯ ಲಾಭವೆಲ್ಲ ಅಲ್ಲಿ ಸೋರಿರುತ್ತದೆ. ಅನುಮಾನ ಬಂದರೆ ಒಂದು ಸುಲಭ ಪರೀಕ್ಷೆ ಇದೆ: ಅರ್ಧ ಕಿಲೋ ಸಂಡಿಗೆ ಹಿಡಿಸುವ ಪೆಟ್ಟಿಗೆಯ ಗಾತ್ರದ ತೂಕ ಒಂದು ಕಿಲೋಗಿಂತ ಕಡಿಮೆ ಬಂದರೆ ಎಲ್ಲೋ ಇಂಚು ನುಸುಳಿದೆ.

ಎರಡನೆಯದು ಭಾಜಕವನ್ನು ಕೇಳದೇ ಇರುವುದು. 5000 ಸಾಮಾನ್ಯ ನಿಜ, ಎಲ್ಲರದ್ದೂ ಅದೇ ಅಲ್ಲ. ಯಾವುದಾದರೂ ಕಂಪನಿ 4000ದಿಂದ ಭಾಗಿಸಿದರೆ ಅದೇ 9856 ಘನ ಸೆಂಟಿಮೀಟರ್ 2.46 ಕಿಲೋ ಆಗುತ್ತದೆ, ದರ 210ಕ್ಕೆ ಏರುತ್ತದೆ. ಕಿಲೋಗೆ ಕಡಿಮೆ ದರ ಹೇಳುವ ಕೊರಿಯರ್ ಸಂಡಿಗೆಗೆ ದುಬಾರಿಯಾಗಿ, ಹಪ್ಪಳಕ್ಕೆ ಅಗ್ಗವಾಗಿರುವುದು ಸಾಧ್ಯ. ಕೌಂಟರಿನಲ್ಲಿ ಕೇಳಬೇಕಾದ ಪ್ರಶ್ನೆ ‘ಕಿಲೋಗೆ ಎಷ್ಟು?’ ಎಂಬುದೊಂದೇ ಅಲ್ಲ. ‘ಯಾವುದರಿಂದ ಭಾಗಿಸುತ್ತೀರಿ, ಎಷ್ಟು ಗ್ರಾಮಿನ ಮೆಟ್ಟಿಲು?’ ಎಂದೂ ಕೇಳಬೇಕು. ಕೊರಿಯರ್ ಬದಲಾಯಿಸಿದ ದಿನ ಪುಟದ ಲೆಕ್ಕವನ್ನೂ ಬದಲಾಯಿಸಬೇಕು. ಇದನ್ನು ಮರೆಯುವುದರಿಂದಲೇ ಹಳೆಯ ದರಗಳು ತಿಂಗಳುಗಟ್ಟಲೆ ಪುಟದಲ್ಲಿ ಉಳಿಯುತ್ತವೆ.

ಕಡಿತ ತಪ್ಪಾಗಿ ಆಗುವುದೂ ಉಂಟು. ಬೇರೆಯವರ ಪಾರ್ಸೆಲ್‌ನ ಅಳತೆ ನಿಮ್ಮ ನಂಬರಿಗೆ ಸೇರಬಹುದು, ಅಥವಾ ದಾರಿಯಲ್ಲಿ ಜಜ್ಜಿ ಉಬ್ಬಿದ ಪೆಟ್ಟಿಗೆಯನ್ನು ಯಂತ್ರ ಅಳೆದಿರಬಹುದು. ತಕರಾರು ಸಲ್ಲಿಸಲು ಸಿಗುವುದು ಕೆಲವೇ ದಿನ, ಸಾಕ್ಷಿ ಇಲ್ಲದ ತಕರಾರನ್ನು ಯಾರೂ ಓದುವುದಿಲ್ಲ. ಆದ್ದರಿಂದ ಮುಚ್ಚಿದ ಪೆಟ್ಟಿಗೆಯನ್ನು ತಕ್ಕಡಿಯ ಮೇಲಿಟ್ಟು ಒಂದು ಫೋಟೋ, ಉದ್ದ ಅಗಲ ಎತ್ತರಕ್ಕೆ ಟೇಪು ಹಿಡಿದು ಒಂದೊಂದು ಫೋಟೋ, ಎಲ್ಲದರಲ್ಲೂ ಕೊರಿಯರ್ ಚೀಟಿಯ ನಂಬರು ಕಾಣುವಂತೆ. ಇದೇ ಫೋಟೋಗಳನ್ನು ವಿಳಾಸದ ಭಾಗ ಮುಚ್ಚಿ ಮಾರಾಟದ ಪುಟದಲ್ಲೂ ಹಾಕಬಹುದು. ಟೇಪಿನ ಪಕ್ಕದಲ್ಲಿ ನಿಂತ ಪೆಟ್ಟಿಗೆಯ ಚಿತ್ರ ನೋಡಿದವರಿಗೆ 2 ಕಿಲೋ ಎಂದರೇನು ಎಂಬುದನ್ನು ಬಾಯಿಬಿಟ್ಟು ಹೇಳುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಪ್ಯಾಕಿಂಗ್ ಶುಲ್ಕವನ್ನು ಸಾಗಣೆಯಲ್ಲಿ ಕಲಸಿಬಿಡುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಪೆಟ್ಟಿಗೆ, ಬಬಲ್ ಶೀಟು, ಟೇಪಿಗೆ 25 ರೂಪಾಯಿ ಬಿದ್ದರೆ ‘ಪ್ಯಾಕಿಂಗ್ 25’ ಎಂದೇ ಬರೆಯಬೇಕು. ಸಾಗಣೆ 195 ಎಂದು ಒಟ್ಟಾಗಿ ಹಾಕಿದರೆ, ಪಾರ್ಸೆಲ್‌ನ ಮೇಲೆ ಅಂಟಿಸಿದ ಚೀಟಿಯಲ್ಲಿ 170 ನೋಡಿದ ಗ್ರಾಹಕರ ಮನಸ್ಸಿನಲ್ಲಿ ಅಕ್ಕನ ಮೇಲಿನ ಮೊದಲಿನ ಅನುಮಾನ ಮತ್ತೆ ಏಳುತ್ತದೆ, ಈ ಸಲ ಸಕಾರಣವಾಗಿ.

ಹೊರದೇಶದ ಪಾರ್ಸೆಲ್‌ಗಳಲ್ಲಿ ಈ ಲೆಕ್ಕ ಇನ್ನೂ ಬಿಗಿ. ಡಲ್ಲಾಸಿನಲ್ಲೋ ಸಿಂಗಪುರದಲ್ಲೋ ಇರುವ ಮಗಳಿಗೆ ತಾಯಿ ಕಳಿಸುವ ಪೆಟ್ಟಿಗೆಯಲ್ಲಿ ಸಂಡಿಗೆ, ಹಪ್ಪಳ, ಅವಲಕ್ಕಿ, ಕಡ್ಲೆಪುರಿ ಇರುತ್ತವೆ. ನಾಲ್ಕರಲ್ಲಿ ಮೂರು ಜಾಗ ನುಂಗುವವೇ. ಅಂತರರಾಷ್ಟ್ರೀಯ ಕೊರಿಯರ್‌ಗಳಲ್ಲೂ ಭಾಜಕ ಸಾಮಾನ್ಯವಾಗಿ 5000, ಆದರೆ ಒಂದೊಂದು ಮೆಟ್ಟಿಲಿನ ಬೆಲೆ ನಲವತ್ತು ರೂಪಾಯಿಯಲ್ಲ. ಹಾಗಾಗಿ ಹೊರದೇಶಕ್ಕೆ ಕಳಿಸುತ್ತೇವೆ ಎಂದು ಬರೆಯುವವರು ಪೆಟ್ಟಿಗೆಯೊಂದನ್ನೇ ಮಾರುವುದು ಉತ್ತಮ: ‘40×30×20ರ ಪೆಟ್ಟಿಗೆ, ಗಾತ್ರದ ತೂಕ 4.8 ಕಿಲೋ. ತುಂಬಿದ ಮೇಲೆ ಒಟ್ಟು ತೂಕ 5 ಕಿಲೋ ದಾಟದಷ್ಟು ನಿಮಗೆ ಬೇಕಾದ್ದನ್ನು ಆರಿಸಿ’ ಎಂಬ ರೀತಿಯಲ್ಲಿ. ಆಗ ಸಂಡಿಗೆಯ ಸಂದಿಯಲ್ಲಿ ಚಟ್ನಿಪುಡಿ, ಸಾರಿನಪುಡಿ ತಾವಾಗಿಯೇ ಸೇರಿಕೊಳ್ಳುತ್ತವೆ, ಗಾತ್ರ ಮತ್ತು ತೂಕ ಎರಡೂ ಒಂದೇ ಮಟ್ಟಕ್ಕೆ ಬರುತ್ತವೆ, ಕೊಟ್ಟ ದುಡ್ಡು ಪೂರ್ತಿ ದುಡಿಯುತ್ತದೆ.

ಕರ್ನಾಟಕದೊಳಗೇ ಇದ್ದು, ಬಸ್ ನಿಲ್ದಾಣಕ್ಕೆ ಹೋಗಿ ತರಲು ತಯಾರಿರುವವರಿಗೆ ಇನ್ನೊಂದು ದಾರಿ ಇದೆ. ಕೆಎಸ್‌ಆರ್‌ಟಿಸಿ 2021ರಲ್ಲಿ ಆರಂಭಿಸಿದ ‘ನಮ್ಮ ಕಾರ್ಗೋ’ ಸೇವೆಯಲ್ಲಿ ಪಾರ್ಸೆಲ್ ಬಸ್ಸಿನಲ್ಲಿ ಬರುತ್ತದೆ. ಮದುವೆಗೆಂದು ಹತ್ತು ಕಿಲೋ ಸಂಡಿಗೆ ಬೇಕಾದವರು, ಅಥವಾ ಒಂದೇ ಅಪಾರ್ಟ್‌ಮೆಂಟಿನ ನಾಲ್ಕೈದು ಮನೆಯವರು ಕೂಡಿ ತರಿಸುವವರು ಕೊರಿಯರ್ ದರದ ಜೊತೆಗೆ ಈ ದರವನ್ನೂ ಕೌಂಟರಿನಲ್ಲಿ ವಿಚಾರಿಸಿ ಹೋಲಿಸಬಹುದು. ವಿಚಾರಿಸುವಾಗ ಪೆಟ್ಟಿಗೆಯ ಮೂರು ಅಳತೆ ಮತ್ತು ತಕ್ಕಡಿ ತೂಕ ಕೈಯಲ್ಲಿರಲಿ. ಮಾರಾಟದ ಪುಟದಲ್ಲಿ ಅವು ಇಲ್ಲದಿದ್ದರೆ, ಆರ್ಡರ್ ಕೊಡುವ ಮೊದಲು ಅಕ್ಕನಿಗೇ ಒಂದು ಫೋನ್ ಮಾಡಿ ಕೇಳಿ ಬರೆದುಕೊಳ್ಳಿ.